ಒಂದು ಪೆಟ್ಟಿಗೆ, ನಾಲ್ಕು ಕಿಟಕಿ

ಕಾಫಿಪುಡಿ ಅಂಗಡಿಯವರೊಬ್ಬರಿಗೆ ಲೋಗೋ ಮಾಡಿದ್ದೆ. ಬಿಳಿ ಹಾಳೆಯ ಮೇಲೆ ಬರೀ ಲೋಗೋ ತೋರಿಸಿದರೆ ಗಿರಾಕಿಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಅದಕ್ಕೇ ಪುಡಿಯ ಪೊಟ್ಟಣ, ಪೇಪರ್ ಕಪ್, ಅಂಗಡಿ ಬೋರ್ಡು, ಟೀ ಶರ್ಟು ಹೀಗೆ ನಾಲ್ಕು ಫೋಟೋಗಳ ಮೇಲೆ ಕೂರಿಸಿ ಮಾಕಪ್ ಕಳಿಸಿದ್ದೆ. ಸಂಜೆ ಫೋನು ಬಂತು: "ಎಲ್ಲಾ ಚೆನ್ನಾಗಿದೆ ಸಾರ್. ಆ ಎಲೆ ತೆಗೆದು ಬೀಜ ಹಾಕಿಬಿಡಿ, ಅಷ್ಟೇ."

ಲೋಗೋವನ್ನು ಮಾಮೂಲಿ ಲೇಯರ್ ಆಗಿ ಅಂಟಿಸಿದ್ದರೆ ಆ "ಅಷ್ಟೇ" ಅನ್ನುವುದಕ್ಕೆ ರಾತ್ರಿಯೆಲ್ಲ ಹೋಗುತ್ತಿತ್ತು. ಕಪ್ಪಿನ ಉಬ್ಬಿಗೆ ಮತ್ತೆ ಬಗ್ಗಿಸಬೇಕು, ಬೋರ್ಡಿನ ಓರೆಗೆ ಮತ್ತೆ ಎಳೆಯಬೇಕು, ಬಟ್ಟೆಯ ಸುಕ್ಕಿಗೆ ಮತ್ತೆ ಹೊಂದಿಸಬೇಕು. ಫೋಟೋಶಾಪ್‌ನಲ್ಲಿ 2005ರ ಸಿಎಸ್2 ಆವೃತ್ತಿಯಿಂದ ಇರುವ ಸ್ಮಾರ್ಟ್ ಆಬ್ಜೆಕ್ಟ್ ಇದನ್ನು ತಪ್ಪಿಸುತ್ತದೆ. ಅದನ್ನೊಂದು ಪೆಟ್ಟಿಗೆ ಅಂದುಕೊಳ್ಳಿ. ಲೋಗೋ ಇರುವುದು ಪೆಟ್ಟಿಗೆಯೊಳಗೆ. ಕಪ್ಪು, ಬೋರ್ಡುಗಳ ಮೇಲೆ ಕಾಣುವುದು ಆ ಪೆಟ್ಟಿಗೆಗೆ ತೆರೆದ ಕಿಟಕಿಗಳು ಮಾತ್ರ. ಬಗ್ಗಿಸಿದ್ದು, ಎಳೆದದ್ದು, ನೆರಳು ಕೊಟ್ಟದ್ದು ಎಲ್ಲ ಆಯಾ ಕಿಟಕಿಗೆ ಸೇರಿದ್ದು. ಒಳಗಿನ ಲೋಗೋಗೆ ಅದರ ಸೋಂಕೂ ಇಲ್ಲ.

ಕಟ್ಟುವ ಕ್ರಮದಲ್ಲಿ ಒಂದು ಕಡೆ ಎಚ್ಚರ ಬೇಕು. ಬಹುತೇಕರು ಲೋಗೋ ಲೇಯರನ್ನೇ ರೈಟ್ ಕ್ಲಿಕ್ ಮಾಡಿ `Convert to Smart Object` ಒತ್ತುತ್ತಾರೆ. ಆಗ ಪೆಟ್ಟಿಗೆಯ ಅಳತೆ ಲೋಗೋದ ಅಂಚಿಗೇ ಬಿಗಿಯಾಗುತ್ತದೆ. ದುಂಡಗಿನ ಲೋಗೋ ಇದ್ದ ಕಡೆ ನಾಳೆ ಉದ್ದನೆಯದು ಬಂದರೆ ಎರಡು ಬದಿಯೂ ಕತ್ತರಿಸಿ ಹೋಗುತ್ತದೆ. ಜಾಗ ಸಾಲದೆಂದು ಒಳಗಿನ ಕ್ಯಾನ್ವಾಸ್ ಹಿಗ್ಗಿಸಿದಿರೋ, ಹೊರಗೆ ಕೂರಿಸಿದ್ದೆಲ್ಲ ಕದಲುತ್ತದೆ. ನಾನು ಒಮ್ಮೆ ಹೀಗೆ ಹಿಗ್ಗಿಸಿ, ಕಪ್ಪಿನ ಲೋಗೋ ಹಿಡಿಯವರೆಗೆ ಜಾರಿದ್ದನ್ನು ಗಿರಾಕಿಯ ಎದುರೇ ನೋಡಿದ್ದೇನೆ. ಈಗ ಮೊದಲು 2000 ಪಿಕ್ಸೆಲ್ ಚೌಕದ ಒಂದು ಬಣ್ಣದ ಆಯತ ಬಿಡಿಸಿ, ಅದನ್ನು ಸ್ಮಾರ್ಟ್ ಆಬ್ಜೆಕ್ಟ್ ಮಾಡುತ್ತೇನೆ. ಆಮೇಲೆ ಅದರ ಥಂಬ್‌ನೇಲ್ ಮೇಲೆ ಡಬಲ್ ಕ್ಲಿಕ್ ಮಾಡಿ, ಒಳಗೆ ಲೋಗೋ ಇಟ್ಟು, ಆಯತದ ಕಣ್ಣು ಮುಚ್ಚುತ್ತೇನೆ. ಸುತ್ತ ಜಾಗ ಸದಾ ಇರುತ್ತದೆ.

2000 ಯಾಕೆಂದರೆ, ದೊಡ್ಡದಾಗಿ ಕಾಣುವುದು ಬೋರ್ಡು. ನನ್ನ ಫೋಟೋದಲ್ಲಿ ಅದಕ್ಕೆ ಬೇಕಾದದ್ದು ಸುಮಾರು 1500. ಇಲ್ಲಸ್ಟ್ರೇಟರ್‌ನಿಂದ ತಂದ ವೆಕ್ಟರ್ ಲೋಗೋ ಆದರೂ ಪೆಟ್ಟಿಗೆಯ ಪಿಕ್ಸೆಲ್ ಮಿತಿಯನ್ನು ಮೀರದು. ಪೆಟ್ಟಿಗೆ 400 ಇದ್ದರೆ ಬೋರ್ಡಿನಲ್ಲಿ ಮಂಜು ಮಂಜಾಗುತ್ತದೆ.

ಇನ್ನು ಪ್ರತಿ ತೆಗೆಯುವುದು. `Ctrl+J` ಒತ್ತಿದರೆ ಅದೇ ಪೆಟ್ಟಿಗೆಗೆ ಮತ್ತೊಂದು ಕಿಟಕಿ. `New Smart Object via Copy` ಒತ್ತಿದರೆ ಬೇರೆಯದೇ ಪೆಟ್ಟಿಗೆ. ಅದಕ್ಕೂ ಮೂಲಕ್ಕೂ ಸಂಬಂಧ ಮುರಿಯಿತು. ನೋಡಲು ಎರಡೂ ಒಂದೇ ಥರ, ಲೋಗೋ ಬದಲಿಸಿದಾಗ ಒಂದು ಮಾತ್ರ ಹಳೆಯದಾಗೇ ಉಳಿದರೆ ಆಗಲೇ ಗೊತ್ತಾಗುವುದು. ಬೋರ್ಡಿನ ಕಿಟಕಿಯನ್ನು ಮೂಲೆ ಹಿಡಿದು ಓರೆಗೆ ಎಳೆದೆ, ಕಪ್ಪಿನದನ್ನು `Warp`ನಿಂದ ಬಗ್ಗಿಸಿದೆ, ಟೀ ಶರ್ಟಿಗೆ `Displace` ಫಿಲ್ಟರ್ ಹಾಕಿದೆ. ಫಿಲ್ಟರ್ ಕೂಡ ಹೊರಗೇ ನಿಲ್ಲುವುದರಿಂದ ಹೊಸ ಲೋಗೋ ಬಂದರೂ ಸುಕ್ಕು ತಾನಾಗಿ ಬೀಳುತ್ತದೆ.

ಆ ಸಂಜೆ ಮಾಡಿದ್ದಿಷ್ಟು: ಪೆಟ್ಟಿಗೆ ತೆರೆದೆ, ಎಲೆಯ ಲೇಯರಿನ ಕಣ್ಣು ಮುಚ್ಚಿದೆ, ಬೀಜದ್ದನ್ನು ತಂದಿಟ್ಟೆ, `Ctrl+S` ಒತ್ತಿದೆ. ಇಲ್ಲಿ `Save As` ಮಾಡಿ ಬೇರೆಡೆ ಉಳಿಸಿದರೆ ಏನೂ ಬದಲಾಗುವುದಿಲ್ಲ, ಹೊಸಬರು ತಲೆ ಕೆರೆದುಕೊಳ್ಳುವುದು ಇಲ್ಲೇ. ನಾಲ್ಕೂ ಒಟ್ಟಿಗೆ ಬದಲಾದವು. ಪೊಟ್ಟಣದಲ್ಲಿ ಮಾತ್ರ ಒಂದು ತೊಂದರೆ ಕಂಡಿತು: ಹೊಸ ಲೋಗೋದ ಬಿಳಿ ಅಕ್ಷರಗಳೇ ನಾಪತ್ತೆ. ಆ ಕಿಟಕಿಗೆ `Multiply` ಕೊಟ್ಟಿದ್ದೆ, ಅದು ಬಿಳಿಯನ್ನು ಉಳಿಸುವುದಿಲ್ಲ. `Normal`ಗೆ ತಂದು, ನೆರಳನ್ನು ಬೇರೆ ಲೇಯರಿನಲ್ಲಿ ಮೇಲಿಟ್ಟೆ. ಹೀಗಾಗಿ ಉಳಿಸಿದ ಮೇಲೆ ನಾಲ್ಕನ್ನೂ ಒಮ್ಮೆ ಕಣ್ಣಾಡಿಸದೆ ನಾನು ಕಳಿಸುವುದಿಲ್ಲ.

ಇಷ್ಟೆಲ್ಲ ನಡೆದದ್ದು ಒಂದೇ ಫೈಲಿನೊಳಗೆ. ನಾಲ್ಕು ಬೇರೆ ಬೇರೆ ಫೈಲುಗಳಾದರೆ ಲೋಗೋ ಫೈಲನ್ನು `Place Linked` ಮೂಲಕ ತರಬೇಕು. ಮುಚ್ಚಿದ್ದ ಫೈಲು ತೆರೆದಾಗ ಲೇಯರಿನ ಮೇಲೆ ಎಚ್ಚರಿಕೆಯ ತ್ರಿಕೋನ ಕಂಡರೆ `Update Modified Content` ಒತ್ತಿ. ಮೂಲ ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಿದರೆ ಕೊಂಡಿ ಕಳಚುತ್ತದೆ.

ಮರುದಿನ ಬೆಳಿಗ್ಗೆ ಮತ್ತೆ ಫೋನು. "ಮನೆಯವರಿಗೆ ಎಲೆಯೇ ಇಷ್ಟವಂತೆ ಸಾರ್." ಎಲೆಯನ್ನು ಅಳಿಸಿರಲಿಲ್ಲವಲ್ಲ. ಕಣ್ಣು ತೆರೆದೆ, ಬೀಜದ್ದು ಮುಚ್ಚಿದೆ, `Ctrl+S`. ಫೋನಿನಲ್ಲಿ ಮಾತ್ರ, "ಮಧ್ಯಾಹ್ನದೊಳಗೆ ಕಳಿಸ್ತೀನಿ" ಅಂದೆ.