ಚೆಕ್ಕಿನ ಮೇಲಿನ ಸಹಿ ಖೋಟಾ ಆದರೆ ನಷ್ಟ ಯಾರದು?

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮಹಿಳಾ ಹಾಲು ಉತ್ಪಾದಕ ಸಹೋದರಿಯರೇ,

ಹಾಲಿನ ಹಣ ಈಗ ನೇರವಾಗಿ ನಮ್ಮ ಖಾತೆಗೆ ಬರುತ್ತದೆ. ಆದರೂ ಸಂಘದ ವ್ಯವಹಾರದಲ್ಲಿ, ಆಕಳು-ಎಮ್ಮೆ ಖರೀದಿಯಲ್ಲಿ, ಪಶು ಆಹಾರದ ಬಾಕಿ ಕೊಡುವಾಗ ಚೆಕ್ಕು ಇನ್ನೂ ಬಳಕೆಯಲ್ಲಿದೆ. ಯಾರೋ ನಮ್ಮ ಸಹಿಯನ್ನು ತಾವೇ ಹಾಕಿಕೊಂಡು ಹಣ ತೆಗೆದರೆ ಆ ನಷ್ಟ ಯಾರ ಮೇಲೆ ಬೀಳುತ್ತದೆ? "ಚೆಕ್ ಬುಕ್ ಜೋಪಾನ ಮಾಡದಿದ್ದದ್ದು ನಿಮ್ಮ ತಪ್ಪು, ನಾವೇನು ಮಾಡೋಣ" ಎಂದು ಬ್ಯಾಂಕಿನವರು ಹೇಳಿದರೆ ಸುಮ್ಮನೆ ತಿರುಗಿ ಬರಬೇಕೇ? ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿದೆ.

ಮಂಗಳೂರಿನ 42 ಚೆಕ್ಕುಗಳು

ಮಂಗಳೂರಿನ ಕೆನರಾ ಸೇಲ್ಸ್ ಕಾರ್ಪೊರೇಷನ್ ಎಂಬ ಕಂಪನಿ ಕೆನರಾ ಬ್ಯಾಂಕಿನಲ್ಲಿ ಚಾಲ್ತಿ ಖಾತೆ ಇಟ್ಟಿತ್ತು. ಚೆಕ್ಕಿಗೆ ಸಹಿ ಮಾಡುವ ಅಧಿಕಾರ ವ್ಯವಸ್ಥಾಪಕ ನಿರ್ದೇಶಕರದು. ಚೆಕ್ ಬುಕ್ ಮಾತ್ರ ಲೆಕ್ಕಿಗನ ಕೈಯಲ್ಲಿರುತ್ತಿತ್ತು, ಲೆಕ್ಕ ಬರೆಯುವವನೂ ಅವನೇ. ಅವನು ನಿರ್ದೇಶಕರ ಸಹಿಯನ್ನು ಖೋಟಾ ಮಾಡಿ ಒಂದೊಂದಾಗಿ 42 ಚೆಕ್ಕುಗಳ ಹಣ ತೆಗೆದ. ಒಟ್ಟು ಮೊತ್ತ 3,26,047 ರೂಪಾಯಿ 92 ಪೈಸೆ. 1961ರ ಮಾರ್ಚ್‌ನಲ್ಲಿ ಇನ್ನೊಬ್ಬ ನೌಕರನ ಕಣ್ಣಿಗೆ ಬಿದ್ದಾಗಲೇ ವಿಷಯ ಹೊರಬಂದದ್ದು.

ಕಂಪನಿ ದಾವೆ ಹೂಡಿತು. ಪಾಸ್ ಪುಸ್ತಕ ಆಗಾಗ ಕಂಪನಿಗೆ ಹೋಗಿ ತಕರಾರಿಲ್ಲದೆ ವಾಪಸ್ ಬಂದಿದೆ, ಇಷ್ಟು ಕಾಲ ಗಮನಿಸದೆ ಇದ್ದದ್ದು ಕಂಪನಿಯದೇ ಅಜಾಗರೂಕತೆ ಎಂದು ಬ್ಯಾಂಕು ವಾದಿಸಿತು. ಕೆಳಗಿನ ಕೋರ್ಟಿನಲ್ಲೂ ಹೈಕೋರ್ಟಿನಲ್ಲೂ ಬ್ಯಾಂಕು ಸೋತಿತು. 1987ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದರ ಮೇಲ್ಮನವಿಯನ್ನು ವಜಾ ಮಾಡಿತು.

ಕೋರ್ಟ್ ಹೇಳಿದ ಕಾರಣ ಸರಳ. ಚೆಕ್ಕು ಎಂದರೆ "ನನ್ನ ಹಣದಲ್ಲಿ ಇಷ್ಟನ್ನು ಇವರಿಗೆ ಕೊಡಿ" ಎಂದು ಗ್ರಾಹಕರು ಬ್ಯಾಂಕಿಗೆ ಕೊಡುವ ಅಪ್ಪಣೆ. ಸಹಿ ಖೋಟಾ ಆಗಿದ್ದರೆ ಅಪ್ಪಣೆಯೇ ಇಲ್ಲ, ಆ ಕಾಗದ ಬರೀ ಕಾಗದ. ಅಪ್ಪಣೆ ಇಲ್ಲದೆ ಬ್ಯಾಂಕು ಕೊಟ್ಟದ್ದು ತನ್ನ ಹಣವನ್ನೇ ಹೊರತು ಗ್ರಾಹಕರದ್ದಲ್ಲ. ಗ್ರಾಹಕರು ಪಾಸ್ ಪುಸ್ತಕವನ್ನು ಸರಿಯಾಗಿ ನೋಡಲಿಲ್ಲ ಎಂಬಷ್ಟೇ ಕಾರಣಕ್ಕೆ ಬ್ಯಾಂಕು ಪಾರಾಗುವಂತಿಲ್ಲ.

ಎರಡು ಸಹಿಯ ಖಾತೆಯಲ್ಲಿ ಒಂದು ಸುಳ್ಳಾದರೆ?

ನಮ್ಮ ಸಂಘಗಳ ಖಾತೆಗೆ ಸಾಮಾನ್ಯವಾಗಿ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರ ಸಹಿಯೂ ಬೇಕು. ಬಿಹಾರದ ಬಿಹ್ಟಾ ಎಂಬಲ್ಲಿನ ಕಬ್ಬು ಬೆಳೆಗಾರರ ಸಹಕಾರ ಯೂನಿಯನ್‌ನ ಖಾತೆಯೂ ಜಂಟಿ ಸಹಿಯದೇ. ಅಲ್ಲಿ 11,000 ರೂಪಾಯಿಯ ಚೆಕ್ಕಿನ ಮೇಲೆ ಒಂದು ಸಹಿ ನಿಜ, ಇನ್ನೊಂದು ಖೋಟಾ. ಇಬ್ಬರಲ್ಲಿ ಒಬ್ಬರ ಸಹಿ ಸುಳ್ಳಾದರೂ ಅಪ್ಪಣೆ ಪೂರ್ಣವಾಗುವುದಿಲ್ಲ, ಚೆಕ್ ಬುಕ್ಕನ್ನು ಬೇಜವಾಬ್ದಾರಿಯಿಂದ ಎಲ್ಲೆಂದರಲ್ಲಿ ಇಟ್ಟಿದ್ದರೆಂಬ ವಾದವೂ ಬ್ಯಾಂಕಿನ ನೆರವಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಂಗಳೂರಿನ ತೀರ್ಪಿನಲ್ಲಿಯೂ ಈ ಮಾತನ್ನೇ ಎತ್ತಿಹಿಡಿಯಲಾಗಿದೆ.

ಸಹಿ ನಿಜ, ಮೊತ್ತ ಮಾತ್ರ ತಿದ್ದಿದ್ದು

ಇಲ್ಲಿ ಲೆಕ್ಕ ಬದಲಾಗುತ್ತದೆ. ಸಹಿ ನಮ್ಮದೇ ಆದ್ದರಿಂದ ಅಪ್ಪಣೆ ಕೊಟ್ಟವರು ನಾವೇ.

ಒಂದು ಉದಾಹರಣೆ ನೋಡೋಣ. ಪಶು ಆಹಾರಕ್ಕೆಂದು 5,000 ರೂಪಾಯಿಯ ಚೆಕ್ಕು ಬರೆಯುತ್ತೀರಿ. ಅಂಕಿ ಬರೆಯುವ ಚೌಕದಲ್ಲಿ 5ರ ಹಿಂದೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೀರಿ. ಅಕ್ಷರದ ಸಾಲಿನಲ್ಲೂ "ಐದು ಸಾವಿರ" ಎಂಬುದನ್ನು ನಡುವಿನಿಂದ ಶುರು ಮಾಡಿದ್ದೀರಿ. ಚೆಕ್ಕು ಒಯ್ದವನು ಅಂಕಿಯ ಹಿಂದೆ "1,0" ಸೇರಿಸಿ, ಅಕ್ಷರದ ಹಿಂದೆ "ಒಂದು ಲಕ್ಷದ" ಎಂದು ಬರೆದರೆ ಅದು 1,05,000 ರೂಪಾಯಿಯ ಚೆಕ್ಕು. ಏನನ್ನೂ ಅಳಿಸಿಲ್ಲ, ಹೊಡೆದು ಹಾಕಿಲ್ಲ. ಕೌಂಟರಿನಲ್ಲಿ ಕೂತವರಿಗೆ ಅನುಮಾನ ಬರುವುದಾದರೂ ಹೇಗೆ?

ಇಂಗ್ಲೆಂಡಿನಲ್ಲಿ ಇಂಥದೇ ಆಗಿತ್ತು. ಗುಮಾಸ್ತನೊಬ್ಬ ಬರೀ 2 ಪೌಂಡ್ ಎಂದು ಅಂಕಿ ಹಾಕಿದ, ಅಕ್ಷರದ ಸಾಲು ಖಾಲಿಯಿದ್ದ ಚೆಕ್ಕಿಗೆ ಮಾಲೀಕರ ಸಹಿ ಪಡೆದ. ಆಮೇಲೆ 2ರ ಹಿಂದೊಂದು, ಮುಂದೊಂದು ಅಂಕಿ ಸೇರಿಸಿ 120 ಪೌಂಡ್ ತೆಗೆದುಕೊಂಡು ಹೋದ. ತಿದ್ದಲು ಎಡೆಯಾಗದಂತೆ ಚೆಕ್ಕು ಬರೆಯುವುದು ಗ್ರಾಹಕರ ಕರ್ತವ್ಯ ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ 1918ರಲ್ಲಿ ಹೇಳಿತು. ನಷ್ಟ ಮಾಲೀಕರ ಮೇಲೆಯೇ ಬಿತ್ತು.

ನಮ್ಮ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 89ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ತಿದ್ದುಪಡಿ ಕಣ್ಣಿಗೆ ಕಾಣದಂತಿದ್ದು, ಬ್ಯಾಂಕು ಪ್ರಾಮಾಣಿಕವಾಗಿ, ಅಜಾಗರೂಕತೆ ಇಲ್ಲದೆ ಹಣ ಕೊಟ್ಟಿದ್ದರೆ ಬ್ಯಾಂಕಿಗೆ ರಕ್ಷಣೆ ಇದೆ. ತಿದ್ದಿದ್ದು ಎದ್ದು ಕಾಣುವಂತಿದ್ದರೆ ಆ ರಕ್ಷಣೆ ಇಲ್ಲ.

ಆದ್ದರಿಂದ ಅಂಕಿಯನ್ನು ಚೌಕದ ಎಡ ಅಂಚಿಗೆ ಅಂಟಿಸಿ ಬರೆಯಿರಿ, ಮುಂದೆ "/-" ಹಾಕಿ. ಅಕ್ಷರವನ್ನು ಸಾಲಿನ ತುದಿಯಿಂದಲೇ ಶುರು ಮಾಡಿ, ಕೊನೆಗೆ "ಮಾತ್ರ" ಎಂದು ಬರೆದು ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಖಾಲಿ ಚೆಕ್ಕಿಗೆ ಸಹಿ ಹಾಕಿ ಇಡಬೇಡಿ. "ಅಧ್ಯಕ್ಷರು ಊರಿಗೆ ಹೋಗುತ್ತಾರೆ, ನಾಲ್ಕು ಹಾಳೆಗೆ ಸಹಿ ಮಾಡಿಟ್ಟು ಹೋಗಲಿ" ಎನ್ನುವ ರೂಢಿ ಕೆಲವು ಕಡೆ ಇದೆ. ಅಂಥ ಚೆಕ್ಕಿನಲ್ಲಿ ಯಾರು ಎಷ್ಟು ಬರೆದುಕೊಂಡರೂ ಸಹಿ ಖೋಟಾ ಅಲ್ಲ. ಮಂಗಳೂರಿನ ತೀರ್ಪು ಅಲ್ಲಿ ನಿಮ್ಮ ಕೈ ಹಿಡಿಯುವುದಿಲ್ಲ.

50,000 ರೂಪಾಯಿ ಮತ್ತು ಮೇಲ್ಪಟ್ಟ ಚೆಕ್ಕುಗಳಿಗೆ 2021ರ ಜನವರಿ 1ರಿಂದ "ಪಾಸಿಟಿವ್ ಪೇ" ಎಂಬ ವ್ಯವಸ್ಥೆ ಇದೆ. ಚೆಕ್ಕಿನ ನಂಬರು, ತಾರೀಖು, ಹೆಸರು, ಮೊತ್ತವನ್ನು ನೀವು ಮೊದಲೇ ಬ್ಯಾಂಕಿಗೆ ತಿಳಿಸಿರುತ್ತೀರಿ. ಚೆಕ್ಕು ಕ್ಲಿಯರಿಂಗಿಗೆ ಬಂದಾಗ ಎರಡನ್ನೂ ಹೋಲಿಸಿ ನೋಡುತ್ತಾರೆ. ಮೊತ್ತ ತಿದ್ದಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ನಿಮ್ಮ ಶಾಖೆಯಲ್ಲಿ ಇದನ್ನು ಹೇಗೆ ಮಾಡಬೇಕೆಂದು ಕೇಳಿ ತಿಳಿಯಿರಿ.

ಗೊತ್ತಾದ ಮೇಲೆ ಸುಮ್ಮನಿರಬಾರದು

ಸಹಿ ಖೋಟಾ ಆದಾಗಲೂ ನಾವು ಹಕ್ಕು ಕಳೆದುಕೊಳ್ಳುವ ಒಂದು ದಾರಿ ಇದೆ. ಅದು ಮೌನ. ಇಂಗ್ಲೆಂಡಿನಲ್ಲಿ ಒಬ್ಬನ ಹೆಂಡತಿಯೇ ಅವನ ಸಹಿ ಹಾಕಿ ಹಣ ತೆಗೆದಿದ್ದಳು. ಅವನಿಗೆ ಗೊತ್ತಾಯಿತು. ಹೆಂಡತಿಯ ಮಾತಿಗೆ ಕಟ್ಟುಬಿದ್ದು ತಿಂಗಳುಗಟ್ಟಲೆ ಬ್ಯಾಂಕಿಗೆ ಹೇಳಲಿಲ್ಲ. ಮುಂದೆ ಹಣ ಕೇಳಿದಾಗ ಕೋರ್ಟ್ ಕೊಡಲಿಲ್ಲ. ನಮ್ಮಲ್ಲೂ ಸಹಿ ಹಾಕಿದವರು ಮಗನೋ, ಮೈದುನನೋ, ವರ್ಷಗಳಿಂದ ನಂಬಿದ ಕಾರ್ಯದರ್ಶಿಯೋ ಆಗಿದ್ದಾಗಲೇ ಬಾಯಿ ಕಟ್ಟುತ್ತದೆ. ಗೊತ್ತಿಲ್ಲದೆ ಇದ್ದದ್ದು ಬೇರೆ, ಗೊತ್ತಿದ್ದೂ ಸುಮ್ಮನಿದ್ದದ್ದು ಬೇರೆ. ಎರಡನೆಯದಕ್ಕೆ ಕೋರ್ಟಿನಲ್ಲಿ ರಿಯಾಯಿತಿ ಇಲ್ಲ.

ಪಾಸ್ ಪುಸ್ತಕದಲ್ಲಿ ನೀವು ಬರೆಯದ ಚೆಕ್ಕು ಕಂಡ ದಿನವೇ ಶಾಖೆಗೆ ಹೋಗಿ. ಆ ಚೆಕ್ಕನ್ನು ತೋರಿಸಲು ಕೇಳಿ. ಚೆಕ್ಕಿನ ನಂಬರು, ತಾರೀಖು, ಮೊತ್ತ ಬರೆದು "ಈ ಸಹಿ ನನ್ನದಲ್ಲ" ಎಂದು ವ್ಯವಸ್ಥಾಪಕರಿಗೆ ಅರ್ಜಿ ಕೊಡಿ. ಪ್ರತಿಯ ಮೇಲೆ ಶಾಖೆಯ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಉಳಿದ ಹಾಳೆಗಳ ಪಾವತಿ ನಿಲ್ಲಿಸಲು ಅದೇ ಅರ್ಜಿಯಲ್ಲಿ ಬರೆಯಿರಿ, ಪೊಲೀಸ್ ಠಾಣೆಗೂ ದೂರು ಕೊಡಿ. ಬಾಯಿಮಾತಿಗೆ ಸಾಕ್ಷಿ ಇರುವುದಿಲ್ಲ. ಎಂದು ಗೊತ್ತಾಯಿತು, ಎಂದು ತಿಳಿಸಿದಿರಿ ಎಂಬುದನ್ನು ಆ ಸೀಲು ಬಿದ್ದ ಪ್ರತಿಯೇ ಹೇಳುತ್ತದೆ.