ಕನ್ನಡ ಅಕ್ಷರದಲ್ಲಿ ಬರಲಿರುವ ಕಳ್ಳ ವಿಳಾಸಗಳು

ಭಾರತದಲ್ಲಿ ಡೊಮೇನ್ ಹೆಸರಿನ ಕಾನೂನಿಗೆ ಬುನಾದಿಯಾದ ಮೊಕದ್ದಮೆ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ `sifynet.com`, `sifymall.com` ಮೊದಲಾದ ಹೆಸರುಗಳನ್ನು ನೋಂದಾಯಿಸಿಕೊಂಡಿತ್ತು. 'ಸಿಫಿ' ಎಂಬುದು ಆ ಕಂಪನಿ ತನ್ನ ಹೆಸರಿನ ಅಕ್ಷರಗಳಿಂದಲೇ ಕಟ್ಟಿಕೊಂಡ ಪದ, ಯಾವ ನಿಘಂಟಿನಲ್ಲೂ ಇಲ್ಲದ್ದು. 2001ರಲ್ಲಿ ಬೇರೊಂದು ಕಂಪನಿ `siffynet.net` ಅನ್ನೂ ಮರುವರ್ಷ `siffynet.com` ಅನ್ನೂ ಪಡೆಯಿತು. ವ್ಯತ್ಯಾಸವೆಂದರೆ ಒಂದು `f` ಹೆಚ್ಚು, ಅಷ್ಟೆ.

ಸಿವಿಲ್ ಕೋರ್ಟ್ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಎರಡೂ ಕಂಪನಿಗಳ ವ್ಯವಹಾರ ಬೇರೆ ಬೇರೆ, ತಡೆಯಾಜ್ಞೆಯಿಂದ ಹೊಸ ಕಂಪನಿಗೇ ಹೆಚ್ಚು ನಷ್ಟ ಎಂದು ಹೈಕೋರ್ಟ್ ಅದನ್ನು ತೆರವು ಮಾಡಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆಯನ್ನು ಮತ್ತೆ ಜಾರಿಗೆ ತಂದಿತು. ಡೊಮೇನ್ ಹೆಸರು ಬರೀ ವಿಳಾಸವಲ್ಲ, ವ್ಯಾಪಾರದ ಗುರುತೂ ಹೌದು ಎಂದಿತು ನ್ಯಾಯಾಲಯ. ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ, ಇನ್ನೊಬ್ಬರ ಹೆಸರಿನಲ್ಲಿ ತಮ್ಮ ಸರಕು ದಾಟಿಸುವುದನ್ನು ತಡೆಯುವ 'ಪಾಸಿಂಗ್ ಆಫ್' ತತ್ವ ಇಲ್ಲಿಗೂ ಅನ್ವಯಿಸುತ್ತದೆ ಎಂದಿತು. ಎರಡು ಹೆಸರುಗಳು ಕಣ್ಣಿಗೂ ಒಂದೇ, ಕಿವಿಗೂ ಒಂದೇ ಎಂಬುದು ತೀರ್ಪಿನಲ್ಲಿ ದೊಡ್ಡ ಅಂಶವಾಯಿತು. ಈ ಅಳತೆಗೋಲನ್ನು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಮುಂದಿನ ಜಗಳ ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ನಡೆಯುವುದಿಲ್ಲ.

ಪಿಡುಗು ಹೇಗೆ ಬೆಳೆಯುತ್ತಿದೆ ಎಂಬುದಕ್ಕೆ ಲೆಕ್ಕವಿದೆ. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಮುಂದೆ 2003ರಲ್ಲಿ ಇಂಥ ಸುಮಾರು 1,100 ದೂರುಗಳು ಬಂದಿದ್ದವು; 2023ರಲ್ಲಿ 6,192. ಇವು ಹಣ ಖರ್ಚು ಮಾಡಿ ದೂರು ಕೊಟ್ಟವರ ಪ್ರಕರಣಗಳು ಮಾತ್ರ. ಒಬ್ಬ ತೀರ್ಪುಗಾರರಿಂದ ವಿಚಾರಣೆಯಾಗಬೇಕಾದರೆ ಅಲ್ಲಿ 1,500 ಡಾಲರ್ ಶುಲ್ಕ ಕಟ್ಟಬೇಕು. ಹೆಸರು ನೋಂದಾಯಿಸುವವನಿಗೆ ತಗಲುವುದು ವರ್ಷಕ್ಕೆ ಕೆಲವು ನೂರು ರೂಪಾಯಿ. ನೋಂದಣಿ ಮಾಡಿಕೊಡುವ ಸಂಸ್ಥೆ 'ಈ ಹೆಸರು ಖಾಲಿ ಇದೆಯೇ' ಎಂದು ನೋಡುತ್ತದೆಯೇ ಹೊರತು 'ಇದು ನಿನ್ನದೇ' ಎಂದು ಕೇಳುವುದಿಲ್ಲ. ಮೊದಲು ಬಂದವರಿಗೆ ಹೆಸರು.

ಈಗ ಕನ್ನಡಕ್ಕೆ ಬರೋಣ. ಡೊಮೇನ್ ಹೆಸರನ್ನು ಕನ್ನಡ ಲಿಪಿಯಲ್ಲೇ ಪಡೆಯಬಹುದು. `.ಭಾರತ` ಎಂದು ಕೊನೆಗೊಳ್ಳುವ ವಿಳಾಸಗಳಿವೆ, `.com` ಹಿಂದೆಯೂ ಕನ್ನಡ ಪದ ಇಡಬಹುದು. ಒಳಗೆ ಯಂತ್ರಗಳು ಅದನ್ನು `xn--` ಎಂದು ಶುರುವಾಗುವ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಓದಿಕೊಳ್ಳುತ್ತವೆ. ನಮಗೆ ಕಾಣುವುದು ಕನ್ನಡ. ಇದು ನಿಜಕ್ಕೂ ಸಂತೋಷದ ಸಂಗತಿ. ಇಂಗ್ಲಿಷ್ ಓದಲು ಬಾರದವರಿಗೂ ಜಾಲದ ಬಾಗಿಲು ತೆರೆಯಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಆದರೆ ನಮ್ಮ ಪತ್ತಿನ ಸಹಕಾರಿ ಸಂಘಗಳು, ಹೋಟೆಲುಗಳು, ಅಗರಬತ್ತಿ ಕಾರ್ಖಾನೆಗಳು, ಪುಸ್ತಕ ಪ್ರಕಾಶನಗಳು ಇಂಗ್ಲಿಷ್ ವಿಳಾಸ ಪಡೆದು ಸುಮ್ಮನಾಗಿವೆ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿರುವ ಕನ್ನಡ ಹೆಸರು ಜಾಲದಲ್ಲಿ ಯಾರೂ ಬೇಲಿ ಹಾಕದ ಜಮೀನಿನಂತೆ ಬಿದ್ದಿದೆ.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಲಿಪಿಯಲ್ಲೇ ಇದೆ. ಈ ಎರಡನ್ನು ನೋಡಿ, ಉದಾಹರಣೆಗಷ್ಟೇ: `ಜಲ.com` ಮತ್ತು `జల.com`. ಮೊದಲನೆಯದು ಕನ್ನಡ, ಎರಡನೆಯದು ತೆಲುಗು. ಕನ್ನಡದ ಜ ಯಂತ್ರಕ್ಕೆ `U+0C9C`, ತೆಲುಗಿನ ಜ `U+0C1C`. ಕಂಪ್ಯೂಟರಿಗೆ ಇವು ಎರಡು ಬೇರೆ ಹೆಸರುಗಳು, ಇಬ್ಬರು ಬೇರೆ ಮಾಲೀಕರಿಗೆ ಹೋಗಬಹುದಾದವು. ಮೊಬೈಲಿನ ಪುಟ್ಟ ಪರದೆಯಲ್ಲಿ ಓದುವ ಕಣ್ಣಿಗೆ ಒಂದೇ. ತಲೆಕಟ್ಟು ಇರುವ ಅಕ್ಷರಗಳಲ್ಲಿ ಎರಡೂ ಲಿಪಿಗಳ ಭೇದ ಕಾಣುತ್ತದೆ. ಜ, ಬ, ಲ, ಣ, ಅನುಸ್ವಾರ ಇಂಥವುಗಳಲ್ಲಿ ಬಹುತೇಕ ಮಾಯವಾಗುತ್ತದೆ. ಒಂದೇ ಪದದೊಳಗೆ ಎರಡು ಲಿಪಿ ಬೆರೆಸುವುದಕ್ಕೆ `.com`ನಲ್ಲಿ ತಡೆ ಇದೆ. ಆದರೆ ಇಡೀ ಪದವೇ ತೆಲುಗಿನಲ್ಲಿದ್ದರೆ ಬೆರಕೆಯ ಪ್ರಶ್ನೆಯೇ ಬರುವುದಿಲ್ಲ.

ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಈ ಹೋಲಿಕೆಯನ್ನು ಅರಿಯದೆ ಇಲ್ಲ. ಅದು ಒಪ್ಪಿರುವ ಕನ್ನಡ ಲಿಪಿಯ ನಿಯಮಗಳಲ್ಲಿ ತೆಲುಗಿನ ಸಮರೂಪ ಅಕ್ಷರಗಳನ್ನು ಗುರುತಿಸಲಾಗಿದೆ. ಆದರೆ ಆ ನಿಯಮಗಳ ವ್ಯಾಪ್ತಿ ವಿಳಾಸದ ಕೊನೆಯ ತುಂಡಿಗೆ ಮಾತ್ರ. ಚುಕ್ಕಿಯ ಹಿಂದಿನ, ಅಂದರೆ ಕಂಪನಿಯ ಹೆಸರು ಕೂರುವ ಜಾಗಕ್ಕೆ ಆಯಾ ನೋಂದಣಿ ಸಂಸ್ಥೆಯ ನಿಯಮವೇ ನಿಯಮ.

ಹೆಸರು ಕದ್ದವನು ಏನು ಮಾಡುತ್ತಾನೆ? ಹಿಂದೆ ಅದನ್ನು ಹಿಡಿದಿಟ್ಟುಕೊಂಡು ಮೂಲ ಕಂಪನಿಗೇ ದೊಡ್ಡ ಬೆಲೆಗೆ ಮಾರಲು ನೋಡುತ್ತಿದ್ದ. ಹೆಚ್ಚು ಹಾನಿಯಾಗುವುದು ಸದ್ದಿಲ್ಲದೆ ನಡೆಯುವ ಇನ್ನೊಂದು ಬಳಕೆಯಿಂದ. ವಿಳಾಸ ತೆರೆದರೆ ಖಾಲಿ ಪುಟ. ಹಿಂದೆ ಮಾತ್ರ ಇ-ಮೇಲ್ ಸಿದ್ಧವಾಗಿರುತ್ತದೆ. ಅಲ್ಲಿಂದ ಗಿರಾಕಿಗೆ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿಯನ್ನು ಇಲ್ಲಿಗೆ ಹಾಕಿ' ಎಂಬ ಪತ್ರ ಹೋಗುತ್ತದೆ. ಅನುಮಾನದ ಹೆಸರು ಕಣ್ಣಿಗೆ ಬಿದ್ದರೆ ಇದನ್ನು ಯಾರಾದರೂ ಪರೀಕ್ಷಿಸಬಹುದು:

```
dig MX example.com +short
```

`example.com` ಜಾಗದಲ್ಲಿ ಆ ಹೆಸರನ್ನು ಹಾಕಬೇಕು. ಕನ್ನಡ ಹೆಸರಾದರೆ ಅದರ `xn--` ರೂಪವನ್ನು. ಉತ್ತರವಾಗಿ ಮೇಲ್ ಸರ್ವರಿನ ಹೆಸರು ಬಂದರೆ ಆ ವಿಳಾಸ ಪತ್ರ ಪಡೆಯಲು ತಯಾರಾಗಿದೆ ಎಂದರ್ಥ. ಉತ್ತರ ಬಾರದಿದ್ದರೆ ನಿಶ್ಚಿಂತೆಯೆಂದಲ್ಲ; ಪತ್ರ ಕಳಿಸುವುದಕ್ಕೆ ಇದು ಬೇಕೇಬೇಕೆಂದಿಲ್ಲ, ನಾಳೆ ಸೇರಿಸಲೂಬಹುದು.

ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಎಚ್ಚೆತ್ತಿದೆ. ಎಲ್ಲ ಬ್ಯಾಂಕುಗಳೂ `bank.in` ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು 2025ರಲ್ಲಿ ಆದೇಶಿಸಿ, ಅಕ್ಟೋಬರ್ 31ರ ಗಡುವು ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಅದೂ ಇಂಗ್ಲಿಷ್ ಅಕ್ಷರದ ವಿಳಾಸ. ಕನ್ನಡ ಓದುವ ಖಾತೆದಾರರ ಮುಂದೆ ಬ್ಯಾಂಕಿನ ಹೆಸರು ಅಚ್ಚ ಕನ್ನಡದಲ್ಲಿ ಬಂದು ನಿಂತರೆ, ಅವರು ಅದನ್ನೇ ಹೆಚ್ಚು ನಂಬಿಯಾರು ಎಂಬುದು ನನ್ನ ಆತಂಕ.

ಕಾನೂನಿನ ದಾರಿ ಇದೆ, ನಿಧಾನದ್ದು. `.com`ನಂಥ ಹೆಸರುಗಳಿಗೆ ಐಕ್ಯಾನ್ 1999ರಲ್ಲಿ ರೂಪಿಸಿದ ವಿವಾದ ನೀತಿ ಅನ್ವಯಿಸುತ್ತದೆ. ದೂರುದಾರ ಮೂರನ್ನು ತೋರಿಸಬೇಕು: ಹೆಸರು ತನ್ನ ಟ್ರೇಡ್‌ಮಾರ್ಕಿಗೆ ಗೊಂದಲ ಹುಟ್ಟಿಸುವಷ್ಟು ಹತ್ತಿರ ಇದೆ, ಎದುರಾಳಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಅವನು ದುರುದ್ದೇಶದಿಂದ ನೋಂದಾಯಿಸಿ ದುರುದ್ದೇಶದಿಂದಲೇ ಬಳಸುತ್ತಿದ್ದಾನೆ. `.in` ಮತ್ತು `.ಭಾರತ`ಗಳಿಗೆ ಭಾರತದ ನೋಂದಣಿ ಸಂಸ್ಥೆಯದೇ ನೀತಿಯಿದೆ. ಅಲ್ಲಿ ನೋಂದಣಿ ಅಥವಾ ಬಳಕೆ, ಎರಡರಲ್ಲಿ ಒಂದು ದುರುದ್ದೇಶದ್ದಾದರೂ ಸಾಕು. ಲಿಪ್ಯಂತರವನ್ನು ಹೋಲಿಕೆಯೆಂದು ತೀರ್ಪುಗಾರರು ಒಪ್ಪುತ್ತಾರೆ, ಹಾಗಾಗಿ ಇಂಗ್ಲಿಷಿನಲ್ಲಿ ಟ್ರೇಡ್‌ಮಾರ್ಕ್ ಇರುವವರು ಕನ್ನಡ ರೂಪದ ವಿರುದ್ಧವೂ ದೂರಬಹುದು. ಗೆದ್ದರೆ ಹೆಸರು ಕೈಗೆ ಬರುತ್ತದೆ ಅಥವಾ ರದ್ದಾಗುತ್ತದೆ. ಪರಿಹಾರದ ಹಣ ಐಕ್ಯಾನ್ ನೀತಿಯಲ್ಲಿ ಇಲ್ಲ. ಜಿನೀವಾದಲ್ಲಿ ಇದು ಮುಗಿಯಲು ಸಾಮಾನ್ಯವಾಗಿ ಎರಡು ತಿಂಗಳು ಬೇಕು. ಖಾತೆ ಬದಲಾವಣೆಯ ಪತ್ರ ಕೆಲಸ ಮಾಡಲು ಒಂದು ಮಧ್ಯಾಹ್ನ ಸಾಕು. ಮುಂಚಿತವಾಗಿ ಬಾಗಿಲು ಹಾಕಿಸಲೂ ಆಗದು. ಸ್ನ್ಯಾಪ್‌ಡೀಲ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ ಹೇಳಿದ್ದು ಇದನ್ನೇ: ಮುಂದೆ ಹುಟ್ಟಬಹುದಾದ ಹೆಸರುಗಳನ್ನೆಲ್ಲ ಒಟ್ಟಿಗೆ ತಡೆಯುವಂತೆ ಆದೇಶ ಕೊಡಲಾಗದು, ಒಂದೊಂದನ್ನೂ ಪ್ರತ್ಯೇಕವಾಗಿ ಪ್ರಶ್ನಿಸಬೇಕು.

ಎಲ್ಲ ಹೆಸರುಗಳಿಗೂ ಈ ರಕ್ಷಣೆ ಸಿಗುವುದಿಲ್ಲ, ಸಿಗಲೂಬಾರದು. 'ಗಣೇಶ', 'ಲಕ್ಷ್ಮಿ' ಎಂಬ ಹೆಸರಿನ ಅಂಗಡಿಗಳು ಊರೂರಿಗೂ ಇವೆ. ಮೊದಲು ನೋಂದಾಯಿಸಿದ ಲಕ್ಷ್ಮಿ ಸ್ಟೋರ್ಸ್ ಕಳ್ಳನೇನಲ್ಲ. ಸಿಫಿಯಂಥ ಸ್ವಂತ ಸೃಷ್ಟಿಯ ಪದ ಇಟ್ಟುಕೊಂಡವರ ವಾದಕ್ಕೆ ಬಲ ಹೆಚ್ಚು. ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸದವರು ಆ ಹೆಸರಿನಲ್ಲಿ ಹೆಸರುವಾಸಿಯಾಗಿದ್ದೇವೆ ಎಂಬುದಕ್ಕೆ ಪುರಾವೆ ಕೊಡಬೇಕಾಗುತ್ತದೆ: ತಾರೀಖು ಇರುವ ಕನ್ನಡ ಬಿಲ್ಲುಗಳು, ಪತ್ರಿಕೆಯ ಜಾಹೀರಾತುಗಳು, ಹಳೆಯ ಬೋರ್ಡಿನ ಫೋಟೋ. ಬೋರ್ಡು ಬದಲಿಸುವಾಗ ಹಳೆಯದರ ಚಿತ್ರ ತೆಗೆಯದೆ ಗುಜರಿಗೆ ಹಾಕಿದರೆ ಸಾಕ್ಷಿಯನ್ನೇ ಗುಜರಿಗೆ ಹಾಕಿದ ಹಾಗೆ. ಕನ್ನಡ ಹೆಸರನ್ನು `.ಭಾರತ`ದಲ್ಲೂ `.com`ನಲ್ಲೂ ಇಂದೇ ಪಡೆದು, ಅದರ ತೆಲುಗು ಸಮರೂಪ ಸಾಧ್ಯವಿದ್ದರೆ ಅದನ್ನೂ ಸೇರಿಸಿ, ಪ್ರತಿ ವರ್ಷ ನವೀಕರಿಸುವ ತಾರೀಖನ್ನು ಆಡಿಟರ್ ಬಳಿ ಬರೆಸಿಟ್ಟರೆ ತಗಲುವ ಖರ್ಚು ಜಿನೀವಾದ ಒಂದು ದೂರಿನ ಶುಲ್ಕಕ್ಕಿಂತ ಎಷ್ಟೋ ಕಡಿಮೆ.