ಹೆಪ್ಪು ಒಂದು ಚಮಚ, ಸುತ್ತು ಏಳು

ಡಿಸೆಂಬರಿನ ಚಳಿಯಲ್ಲಿ ಬೆಂಗಳೂರಿನ ಮನೆಗಳಲ್ಲಿ ರಾತ್ರಿ ಹೆಪ್ಪು ಹಾಕಿಟ್ಟ ಹಾಲು ಬೆಳಗಾದರೂ ಹಾಲಾಗಿಯೇ ಉಳಿಯುವುದುಂಟು. ಅದೇ ಹಾಲಿಗೆ ಅದೇ ಹೆಪ್ಪನ್ನು ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಹಾಕಿದರೆ ನಾಲ್ಕೈದು ಗಂಟೆಯಲ್ಲಿ ಗಟ್ಟಿ ಮೊಸರಾಗಿ, ಸಕಾಲಕ್ಕೆ ಎತ್ತಿಡದಿದ್ದರೆ ಹುಳಿಯೂ ಆಗಿಬಿಡುತ್ತದೆ. ಚಳಿಗಾಲದಲ್ಲಿ ಮೊಸರು ಕೂರದಿದ್ದರೆ ಮರುದಿನ ಇನ್ನೊಂದು ಚಮಚ ಹೆಪ್ಪು ಜಾಸ್ತಿ ಹಾಕುವುದು ರೂಢಿ. ಇದರಿಂದ ಅಂದುಕೊಂಡಷ್ಟು ಪ್ರಯೋಜನವಿಲ್ಲ. ಯಾಕೆ ಎಂಬುದು ಪಾತ್ರೆಯೊಳಗೆ ನಡೆಯುವ ಕೆಲಸವನ್ನು ನೋಡಿದರೆ ತಿಳಿಯುತ್ತದೆ.

ಹೆಪ್ಪಿನ ಒಂದು ಚಮಚದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಇವುಗಳಿಗೆ ಬೇಕಾದ ಆಹಾರ ಹಾಲಿನಲ್ಲೇ ಇದೆ. ಅದು ಲ್ಯಾಕ್ಟೋಸ್ ಎಂಬ ಸಕ್ಕರೆ. ಹಸುವಿನ ಹಾಲಿನಲ್ಲಿ ಇದು ನೂರಕ್ಕೆ ಸುಮಾರು 4.5ರಿಂದ 5 ಪಾಲು. ಬ್ಯಾಕ್ಟೀರಿಯಾ ಈ ಸಕ್ಕರೆಯನ್ನು ಒಳಗೆಳೆದುಕೊಂಡು, ಒಡೆದು, ಅದರಿಂದ ತನ್ನ ಬದುಕಿಗೆ ಬೇಕಾದ ಶಕ್ತಿಯನ್ನು ತೆಗೆದುಕೊಳ್ಳುತ್ತದೆ. ಹಾಗೆ ಒಡೆದ ಮೇಲೆ ಉಳಿಯುವುದು ಲ್ಯಾಕ್ಟಿಕ್ ಆಮ್ಲ. ಬ್ಯಾಕ್ಟೀರಿಯಾದ ಪಾಲಿಗೆ ಅದು ಹೊರಹಾಕಬೇಕಾದ ಕಸ. ನಮ್ಮ ಪಾಲಿಗೆ ಮೊಸರಿನ ಹುಳಿ. ಹಾಲಿನ ಸಕ್ಕರೆಯೆಲ್ಲ ಇದರಲ್ಲಿ ಖರ್ಚಾಗುವುದಿಲ್ಲ. ಬಹುಪಾಲು ಮೊಸರಿನಲ್ಲೇ ಉಳಿದಿರುತ್ತದೆ. ಮೊಸರನ್ನು ಹೊರಗೇ ಬಿಟ್ಟರೆ ಮಧ್ಯಾಹ್ನ, ಸಂಜೆ ಎಂದು ಹುಳಿ ಏರುತ್ತಲೇ ಹೋಗುವುದು ಅದಕ್ಕಾಗಿಯೇ.

ಹುಳಿ ಬಂದ ಮಾತ್ರಕ್ಕೆ ಹಾಲು ಗಟ್ಟಿಯಾಗುವುದೇಕೆ? ಹಾಲಿನ ಪ್ರೊಟೀನಿನಲ್ಲಿ ಹೆಚ್ಚಿನ ಪಾಲು ಕೇಸೀನ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲಾಡುತ್ತಿರುತ್ತದೆ. ಈ ಉಂಡೆಗಳ ಮೈಮೇಲೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ, ಅಂಟಿಕೊಳ್ಳುವುದಿಲ್ಲ. ಆಮ್ಲ ಹೆಚ್ಚಿದಂತೆ ಆ ವಿದ್ಯುದಂಶ ಕರಗುತ್ತಾ ಬರುತ್ತದೆ. ತಾಜಾ ಹಾಲಿನ ಪಿಎಚ್ 6.6ರ ಆಸುಪಾಸಿನಲ್ಲಿರುತ್ತದೆ. ಅದು 4.6ರ ಹತ್ತಿರಕ್ಕೆ ಇಳಿಯುವಷ್ಟರಲ್ಲಿ ತಳ್ಳಾಟ ನಿಂತು, ಉಂಡೆಗಳು ಒಂದಕ್ಕೊಂದು ಅಂಟಿ, ಪಾತ್ರೆಯ ಉದ್ದಗಲಕ್ಕೂ ಒಂದು ಬಲೆ ಹೆಣೆದುಕೊಳ್ಳುತ್ತದೆ. ಹಾಲಿನ ನೀರು, ಕೊಬ್ಬು ಎಲ್ಲ ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತವೆ. ಮೊಸರಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ ಇದ್ದರೂ ಅದು ಚಮಚದಲ್ಲಿ ಗಟ್ಟಿಯಾಗಿ ಬರುವುದು ಈ ಬಲೆಯ ಬಲದಿಂದ.

ಕಾಯಿಸಿದ ಹಾಲಿಗೆ ನಿಂಬೆರಸ ಹಿಂಡಿದರೂ ಬರುವುದು ಹುಳಿಯೇ. ಆದರೆ ಅಲ್ಲಿ ಹಾಲು ಒಡೆದು ಗಡ್ಡೆ ಬೇರೆ, ನೀರು ಬೇರೆ ಆಗುತ್ತದೆ. ಬಿಸಿಹಾಲಿಗೆ ಹುಳಿ ಒಮ್ಮೆಲೇ ಬಿದ್ದು, ಸೌಟಿನಿಂದ ಕದಡಿದಾಗ ಉಂಡೆಗಳು ಸಿಕ್ಕಸಿಕ್ಕ ಕಡೆ ಮುದ್ದೆಯಾಗುತ್ತವೆ. ಹೆಪ್ಪಿನ ಹುಳಿ ಹಾಲಿನ ಎಲ್ಲ ಕಡೆ ಸಮನಾಗಿ, ನಿಧಾನವಾಗಿ ಹುಟ್ಟುವುದರಿಂದ ಬಲೆ ಎಲ್ಲೂ ಹರಿಯದೆ ಹರಡುತ್ತದೆ. ಹೆಪ್ಪು ಹಾಕಿದ ಪಾತ್ರೆಯನ್ನು ಅಲುಗಾಡಿಸಬೇಡಿ ಎಂದು ಹಿರಿಯರು ಹೇಳುವ ಮಾತಿಗೆ ಕಾರಣವೂ ಇದೇ. ಅರ್ಧ ಹೆಣೆದ ಬಲೆ ಹರಿದರೆ ಅದರೊಳಗಿನ ನೀರು ಮೇಲೆ ಬಿಡುತ್ತದೆ.

ಇನ್ನು ಬಿಸಿಯ ವಿಷಯ. ಅರ್ಧ ಲೀಟರ್ ಹಾಲಿಗೆ ಸಣ್ಣ ಚಮಚದಲ್ಲಿ ಒಂದು, ಅಂದರೆ ಐದು ಮಿಲಿಲೀಟರ್ ಹೆಪ್ಪು ಹಾಕಿದಿರಿ ಎನ್ನೋಣ. ಹೆಪ್ಪಿನಲ್ಲಿ ಒತ್ತೊತ್ತಾಗಿದ್ದ ಬ್ಯಾಕ್ಟೀರಿಯಾಗಳು ಈಗ ನೂರು ಪಟ್ಟು ತೆಳುವಾಗಿ ಹರಡಿವೆ. ಮತ್ತೆ ಮೊದಲಿನಷ್ಟು ದಟ್ಟವಾಗಬೇಕಾದರೆ ಅವು ನೂರು ಪಟ್ಟು ಬೆಳೆಯಬೇಕು. ಒಂದೊಂದು ಬ್ಯಾಕ್ಟೀರಿಯಾ ಸೀಳಿ ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಾಲ್ಕು ಎಂಟು. ಚಕ್ರಬಡ್ಡಿಯ ಹಾಗೆ ಬೆಳೆಯುವ ಈ ಲೆಕ್ಕದಲ್ಲಿ ಏಳನೆಯ ಸುತ್ತಿಗೆ ಒಂದು ನೂರಿಪ್ಪತ್ತೆಂಟಾಗುತ್ತದೆ. ಅಂದರೆ ಮೊಸರಾಗಲು ಹೆಚ್ಚುಕಡಿಮೆ ಏಳು ಸುತ್ತು ಬೇಕು.

ಬೆಚ್ಚಗಿನ ಹಾಲಿನಲ್ಲಿ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಹಿಡಿದರೆ ಏಳು ಸುತ್ತು ಐದೂಕಾಲು ಗಂಟೆಯಲ್ಲಿ ಮುಗಿಯುತ್ತದೆ. ತಣ್ಣಗಿನ ಹಾಲಿನಲ್ಲಿ ಅದೇ ಸುತ್ತಿಗೆ ಎರಡು ಗಂಟೆ ಹಿಡಿದರೆ ಹದಿನಾಲ್ಕು ಗಂಟೆ ಬೇಕು. ಈಗ ತಣ್ಣಗಿನ ಹಾಲಿಗೆ ಒಂದರ ಬದಲು ಎರಡು ಚಮಚ ಹೆಪ್ಪು ಹಾಕಿ ನೋಡಿ. ಲೆಕ್ಕ ಒಂದರಿಂದಲ್ಲ, ಎರಡರಿಂದ ಶುರುವಾಗುತ್ತದೆ. ಉಳಿಯುವುದು ಒಂದೇ ಒಂದು ಸುತ್ತು. ಹದಿನಾಲ್ಕು ಗಂಟೆ ಹನ್ನೆರಡಾಗುತ್ತದೆ, ಅಷ್ಟೇ. ಹೆಪ್ಪು ಹೆಚ್ಚಿಸಿದರೆ ಒಂದು ಸುತ್ತು ತಪ್ಪುತ್ತದೆ, ಹಾಲನ್ನು ಬೆಚ್ಚಗಿಟ್ಟರೆ ಏಳೂ ಸುತ್ತು ಚುರುಕಾಗುತ್ತವೆ. ಜೊತೆಗೆ ಹಳೆಯ ಹುಳಿಮೊಸರನ್ನೇ ಹೆಚ್ಚಾಗಿ ಸುರಿದರೆ ಹೊಸ ಮೊಸರಿಗೆ ಮೊದಲೇ ಹುಳಿ ಬೆರೆಸಿದಂತಾಗುತ್ತದೆ.

ಬಿಸಿಗೆ ಈ ಶಕ್ತಿ ಬರುವುದು ಎಲ್ಲಿಂದ? ಸಕ್ಕರೆಯನ್ನು ಒಡೆಯುವುದು ಬ್ಯಾಕ್ಟೀರಿಯಾದೊಳಗಿನ ಕಿಣ್ವಗಳು. ಬೆಚ್ಚಗಿದ್ದಾಗ ಅಣುಗಳ ಓಡಾಟ ಹೆಚ್ಚುತ್ತದೆ, ಸಕ್ಕರೆ ಮತ್ತು ಕಿಣ್ವ ಬೇಗ ಬೇಗ ಎದುರಾಗುತ್ತವೆ, ಕೂಡಿದಾಗ ಕೆಲಸವೂ ಸುಲಭವಾಗಿ ಆಗುತ್ತದೆ. ಚಳಿಯಲ್ಲಿ ಬ್ಯಾಕ್ಟೀರಿಯಾದ ಹೊರಪೊರೆಯ ಕೊಬ್ಬು ಬಿಗಿದುಕೊಂಡು ಆಹಾರ ಒಳಗೆ ಬರುವುದೂ ನಿಧಾನವಾಗುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹೆಪ್ಪು ಮೊದಲ ಸುತ್ತು ಶುರುಮಾಡಲು ತಡಮಾಡುವುದು ಇದರಿಂದಲೇ. ಹಾಕುವ ಸ್ವಲ್ಪ ಹೊತ್ತು ಮೊದಲೇ ಅದನ್ನು ಹೊರಗಿಟ್ಟರೆ ಒಳ್ಳೆಯದು.

ಬಿಸಿ ಒಳ್ಳೆಯದೆಂದು ಏರಿಸುತ್ತಾ ಹೋಗುವಂತಿಲ್ಲ. ಮನೆಯ ಹೆಪ್ಪಿನಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾಗಳು ಬೆರೆತಿರುತ್ತವೆ. ಲ್ಯಾಕ್ಟೋಕಾಕಸ್ ಜಾತಿಯವು 30 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಚೆನ್ನಾಗಿ ಬೆಳೆಯುತ್ತವೆ. ಅಂಗಡಿಯ ಯೋಗರ್ಟಿನಲ್ಲಿ ಬಳಸುವ ಬಗೆಗಳಿಗೆ 40ರಿಂದ 45 ಡಿಗ್ರಿ ಹಿತ. ಇನ್ನೂ ಬಿಸಿಯಾದರೆ ಕಿಣ್ವಗಳು ತಮ್ಮ ಆಕಾರ ಕಳೆದುಕೊಳ್ಳುತ್ತವೆ, 60 ದಾಟಿದರೆ ಹೆಚ್ಚಿನವು ಸಾಯುತ್ತವೆ. ಕುದಿಸಿದ ಹಾಲು ಆರುವ ಮುನ್ನ ಹೆಪ್ಪು ಹಾಕಿದರೆ ಮರುದಿನವೂ ತೆಳ್ಳಗೆ ಹಾಲೇ ಇರುತ್ತದೆ. ಬೆರಳು ಅದ್ದಿದರೆ ಸುಡದೆ ಹಿತವಾಗಿ ಬೆಚ್ಚಗೆನಿಸಬೇಕು.

ಮೊದಲು ಹಾಲನ್ನು ಚೆನ್ನಾಗಿ ಕಾಯಿಸುವುದೂ ಮುಖ್ಯ. ಅದರಿಂದ ಪೈಪೋಟಿಗೆ ಬರುವ ಬೇರೆ ಸೂಕ್ಷ್ಮಜೀವಿಗಳು ಸಾಯುತ್ತವೆ. ಜೊತೆಗೆ ಹಾಲಿನ ನೀರಿನಂಶದಲ್ಲಿ ಕರಗಿರುವ ಇನ್ನೊಂದು ಪ್ರೊಟೀನು ಬಿಸಿಗೆ ಬಿಚ್ಚಿಕೊಂಡು ಕೇಸೀನಿಗೆ ಅಂಟುತ್ತದೆ. ಬಲೆಗೆ ಹೆಚ್ಚು ಎಳೆ ಸಿಕ್ಕಿ ಮೊಸರು ಗಟ್ಟಿಯಾಗುತ್ತದೆ, ನೀರು ಕಡಿಮೆ ಬಿಡುತ್ತದೆ.

ಚಳಿಗಾಲದ ನಿಜವಾದ ತೊಂದರೆ ಹೆಪ್ಪು ಹಾಕಿದ ಮೇಲಿನದು. ಉಗುರುಬೆಚ್ಚಗಿನ ಹಾಲು ಸ್ಟೀಲ್ ಪಾತ್ರೆಯಲ್ಲಿ ಒಂದೆರಡು ಗಂಟೆಯಲ್ಲೇ ಅಡುಗೆಮನೆಯಷ್ಟು ತಣ್ಣಗಾಗಿಬಿಡುತ್ತದೆ. ಆಗ ಮುಗಿದಿರುವುದು ಒಂದೆರಡು ಸುತ್ತು ಮಾತ್ರ. ಹೀಗೆ ಅರೆಬರೆ ಚಳಿಯಲ್ಲಿ ಕೂತ ಮೊಸರು ಕೆಲವೊಮ್ಮೆ ಲೋಳೆಯಾಗುತ್ತದೆ, ಚಮಚ ಎತ್ತಿದರೆ ಎಳೆ ಬರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಅಂಟಿನಂಥ ಸಕ್ಕರೆ ಸರಪಳಿ ನೇಯುವುದು ಇದಕ್ಕೆ ಕಾರಣ. ಅದೇ ಮೊಸರನ್ನು ಮತ್ತೆ ಹೆಪ್ಪಿಗೆ ಬಳಸಿದರೆ ಲೋಳೆ ಮುಂದುವರಿಯುತ್ತದೆ, ಬೇರೆ ಮನೆಯಿಂದ ಹೆಪ್ಪು ತರುವುದೇ ದಾರಿ. ಪಾತ್ರೆಗೆ ದಪ್ಪ ಬಟ್ಟೆ ಸುತ್ತುವುದು, ಅಕ್ಕಿ ಡಬ್ಬದೊಳಗೆ ಹೂತಿಡುವುದು, ಹಾಟ್ ಕೇಸಿನಲ್ಲಿ ಮುಚ್ಚಿಡುವುದು, ಇವೆಲ್ಲ ಮಾಡುವ ಕೆಲಸ ಒಂದೇ: ಹಾಲಿನಲ್ಲಿರುವ ಬಿಸಿಯನ್ನು ಕೊನೆಯ ಸುತ್ತಿನವರೆಗೂ ಉಳಿಸುವುದು.

ಪಾತ್ರೆಯನ್ನು ಮೆಲ್ಲಗೆ ಓರೆ ಮಾಡಿದಾಗ ಮೊಸರು ಅಂಚು ಬಿಟ್ಟು ಜಾರದೆ ಒಟ್ಟಾಗಿ ನಿಂತರೆ ಬಲೆ ಹೆಣೆದು ಮುಗಿದಿದೆ ಎಂದರ್ಥ. ತಕ್ಷಣ ಫ್ರಿಜ್ಜಿಗೆ ಸೇರಿಸಬೇಕು. ಅಲ್ಲಿ ಬ್ಯಾಕ್ಟೀರಿಯಾಗಳು ಸಾಯುವುದಿಲ್ಲ, ಅವುಗಳ ಕೆಲಸ ತೀರಾ ನಿಧಾನವಾಗುತ್ತದೆ. ಹಾಗಾಗಿ ಅದೇ ಮೊಸರು ನಾಳೆಯೂ ಊಟಕ್ಕೆ ಸಿಹಿಯಾಗಿ ಸಿಗುತ್ತದೆ, ಉಳಿದ ಚಮಚ ನಾಳಿದ್ದಿನ ಹೆಪ್ಪಿಗೂ ಆಗುತ್ತದೆ.